ಪಾಲುದಾರರಾಗುವ ಮುಂಚೆ ಗೋದಾಮಿನ ಹಳೇ ಮಾಲಿನ ಬೆಲೆ ನೋಡಿ

ಯಾವುದಾದರೂ ಅಂಗಡಿಯಲ್ಲಿ ಪಾಲು ತೆಗೆದುಕೊಳ್ಳಲು ಹೊರಟಿದ್ದರೆ, ಮಾರ್ಚ್ 31ರ ಬ್ಯಾಲೆನ್ಸ್ ಶೀಟಿನಲ್ಲಿರುವ ಕ್ಲೋಸಿಂಗ್ ಸ್ಟಾಕ್ ಸಂಖ್ಯೆಯನ್ನು ಹಾಗೇ ನಂಬಬೇಡಿ. ನಮ್ಮ ಸೋದರಮಾವ ಬೆಳಗಾವಿಯ ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅರ್ಧ ಪಾಲು ತೆಗೆದುಕೊಂಡರು. ಲೆಕ್ಕದಲ್ಲಿ ಮಾಲು ಭರ್ತಿ ಇತ್ತು, ಲಾಭವೂ ಇತ್ತು. ಅದರ ಮೇಲೆಯೇ ಪಾಲಿನ ಹಣ ನಿಗದಿಯಾಯಿತು. ಆಮೇಲೆ ಗೋದಾಮಿನಲ್ಲಿ ಮಾಲು ಎಣಿಸುವಾಗ ಹಿಂದಿನ ಸಾಲಿನಲ್ಲಿ ಸಿಕ್ಕಿದ್ದು ಸಿಎಫ್ಎಲ್ ಬಲ್ಬಿನ ಪೆಟ್ಟಿಗೆಗಳು. ಡಬ್ಬಿಯ ಮೇಲೆ ತಯಾರಾದ ವರ್ಷ 2014 ಅಂತ ಅಚ್ಚಾಗಿತ್ತು, ಸೀಲ್ ಟೇಪು ಒಣಗಿ ಹಳದಿಯಾಗಿ ತಾನೇ ಬಿಚ್ಚಿಕೊಂಡಿತ್ತು. ಎಲ್ಲರ ಮನೆಯಲ್ಲೂ ಎಲ್ಇಡಿ ಬಂದ ಮೇಲೆ ಇವನ್ನು ಯಾರು ಕೇಳುತ್ತಾರೆ? ಆದರೆ ಪುಸ್ತಕದಲ್ಲಿ ಪ್ರತಿ ಬಲ್ಬೂ ಖರೀದಿ ದರದಲ್ಲೇ ಕೂತಿತ್ತು.

ಹಳೇ ಪಾಲುದಾರರನ್ನು ಕೇಳಿದರೆ ಸಿಕ್ಕ ಉತ್ತರ: "ಮಾಲ್ ಇಲ್ಲೇ ಅದ ಅಲ್ರೀ, ಎಲ್ಲಿ ಹೋಗ್ತದ?"

ಮಾಲು ಎಲ್ಲೂ ಹೋಗುವುದಿಲ್ಲ, ಅದೇ ತೊಂದರೆ. ಎಎಸ್ 2 ಎಂಬ ಲೆಕ್ಕದ ನಿಯಮ ಹೇಳುವುದು ಇಷ್ಟೇ. ಮಾಲಿಗೆ ಬಿದ್ದ ವೆಚ್ಚ ಒಂದು ಕಡೆ. ಅದನ್ನು ಮಾಮೂಲಿ ವ್ಯಾಪಾರದಲ್ಲಿ ಮಾರಿದರೆ, ಮಾರುವಂತೆ ಮಾಡುವ ಖರ್ಚು ಮತ್ತು ಮಾರಾಟದ ಖರ್ಚು ಕಳೆದು ಕೈಗೆ ಬರುವ ಹಣ ಇನ್ನೊಂದು ಕಡೆ. ಈ ಎರಡನೆಯದನ್ನೇ ನೆಟ್ ರಿಯಲೈಸಬಲ್ ವ್ಯಾಲ್ಯೂ, ಅಂದರೆ ಎನ್ಆರ್‌ವಿ ಅನ್ನುತ್ತಾರೆ. ಎರಡರಲ್ಲಿ ಯಾವುದು ಕಮ್ಮಿಯೋ ಅದನ್ನೇ ಬರೆಯಬೇಕು.

ನಾನೇ ಕೂತು ಮೂರು ಐಟಂ ಲೆಕ್ಕ ಹಾಕಿದೆ. ಸಿಎಫ್ಎಲ್ 800, ಖರೀದಿ ದರ 130 ರೂಪಾಯಿ, ಒಟ್ಟು 1,04,000. ಈಗ 40ಕ್ಕೆ ಹೋದರೆ ಹೆಚ್ಚು, ಅದರಲ್ಲಿ ಸಾಗಣೆ, ಕಮಿಷನ್ ಅಂತ 5 ರೂಪಾಯಿ ಹೋಗುತ್ತದೆ. ಉಳಿದ 35ರ ಲೆಕ್ಕದಲ್ಲಿ ಎನ್ಆರ್‌ವಿ ಬರೀ 28,000. ಚೋಕ್ ಇರುವ ಟ್ಯೂಬ್‌ಲೈಟ್ ಪಟ್ಟಿ 300, ಒಂದಕ್ಕೆ 220ರಂತೆ 66,000. ಸ್ಟಾರ್ಟರ್ ಹಾಳಾಗಿವೆ, ಹೊಸದು ಹಾಕಲು 15 ರೂಪಾಯಿ, ಬೈಲಹೊಂಗಲದ ಕಡೆ ಕಳಿಸಲು 10, ಮಾರುವ ದರ 150. ಹಾಗಾಗಿ ಒಂದಕ್ಕೆ 125, ಒಟ್ಟು 37,500. ಇನ್ನು ತಾಮ್ರದ ವೈರ್ ಕಾಯಿಲ್ 300, 1,400ರಂತೆ 4,20,000. ಇದು ಓಡುವ ಮಾಲು, 1,820ಕ್ಕೆ ಹೋಗುತ್ತದೆ, 20 ರೂಪಾಯಿ ಸಾಗಣೆ ಕಳೆದರೆ 1,800. ಒಟ್ಟು 5,40,000.

ಇಲ್ಲೇ ನಮ್ಮನ್ನು ಯಾಮಾರಿಸಲು ನೋಡಿದ್ದು. ಮೂರನ್ನೂ ಕೂಡಿಸಿದರೆ ವೆಚ್ಚ 5,90,000, ಎನ್ಆರ್‌ವಿ 6,05,500. "ಒಟ್ಟಾರೆ ನೋಡ್ರಿ, ವೆಚ್ಚನೇ ಕಮ್ಮಿ ಅದ, ಇಳಿಸೋದು ಏನದ?" ಎಂದರು. ಕೇಳಲು ಸರಿ ಅನಿಸುತ್ತದೆ ಅಲ್ವಾ? ಆದರೆ ಲೆಕ್ಕ ಹಾಕಬೇಕಾದದ್ದು ಐಟಂ ಐಟಂ ಆಗಿ. ವೈರ್ ಇನ್ನೂ ಮಾರಾಟವಾಗಿಲ್ಲ, ಅದರ ಇನ್ನೂ ಕೈಗೆ ಬಾರದ ಲಾಭ ತಂದು ಬಲ್ಬಿನ ನಷ್ಟ ಮುಚ್ಚುವ ಹಾಗಿಲ್ಲ. ಒಂದೇ ಬಗೆಯ, ಒಂದೇ ಉಪಯೋಗದ ಮಾಲನ್ನು ಗುಂಪು ಮಾಡಬಹುದು, ಬಲ್ಬಿಗೂ ವೈರಿಗೂ ಏನು ಸಂಬಂಧ? ವೈರನ್ನು ವೆಚ್ಚದಲ್ಲೇ ಬಿಟ್ಟು, ಬಾಕಿ ಎರಡನ್ನು ಇಳಿಸಿದರೆ 28,000, 37,500, 4,20,000 ಸೇರಿ 4,85,500. ಇಳಿಸಬೇಕಾದದ್ದು 1,04,500.

ಈ 1,04,500 ಹಿಂದಿನ ವರ್ಷದ ಲಾಭದಲ್ಲಿ ಕಳೆಯಬೇಕಿತ್ತು. ಕಳೆಯದೆ ಹಳೇ ಪಾಲುದಾರರು ಪೂರ್ತಿ ಲಾಭ ಹಂಚಿಕೊಂಡು ಹೋದರು. ಅದೇ ಸ್ಟಾಕು ಮಾವನ ವರ್ಷಕ್ಕೆ ಓಪನಿಂಗ್ ಸ್ಟಾಕ್ ಆಗಿ ಬಂತು, ನಷ್ಟದ ಅರ್ಧ, 52,250, ಅವರ ತಲೆಗೆ ಬಿತ್ತು. ಪಾಲಿಗೆ ಜಾಸ್ತಿ ಕೊಟ್ಟದ್ದೇ ಹೀಗೆ ಹೋಯಿತು ಅನ್ನಿ.

ನೋಡುವುದು ಹೇಗೆ ಅಂದರೆ, ಟ್ಯಾಲಿಯಲ್ಲಿ ಪ್ರತಿ ಐಟಂನ ಕೊನೆಯ ಮಾರಾಟದ ತಾರೀಖು ಕೇಳಿ. ಆಮೇಲೆ ಏಪ್ರಿಲ್, ಮೇ ತಿಂಗಳ ಬಿಲ್ ಬುಕ್ ತರಿಸಿ. ಮಾರ್ಚ್ 31ರ ಎನ್ಆರ್‌ವಿ ಅಂದಾಜಿಗೆ ಅದಕ್ಕಿಂತ ಒಳ್ಳೆ ಪುರಾವೆ ಇಲ್ಲ. ನಮಗೂ ಅಲ್ಲೇ ಸಿಕ್ಕಿದ್ದು: ಏಪ್ರಿಲ್‌ನ ಒಂದು ಬಿಲ್ಲಿನಲ್ಲಿ ಅವರೇ ಸಿಎಫ್ಎಲ್ 40ಕ್ಕೆ ಬಿಟ್ಟಿದ್ದರು. ಆ ಬಿಲ್ ಮುಂದಿಟ್ಟ ಮೇಲೆ "ಅದು ಗಿರಾಕಿ ಪರಿಚಯದವರು" ಎಂದರು. ಆದರೆ ಅದೇ ದರದ ಇನ್ನೂ ಬಿಲ್ಲುಗಳಿದ್ದವು.

ಇನ್ನೊಂದು ವಿಷಯ. ದರ ಇಳಿಸುವುದು ಬೇರೆ, ಮಾಲನ್ನೇ ಲೆಕ್ಕದಿಂದ ಪೂರ್ತಿ ತೆಗೆಯುವುದು ಬೇರೆ. ಮಾರಲೆಂದೇ ಗೋದಾಮಿನಲ್ಲಿ ಇಟ್ಟುಕೊಂಡು ಬರೀ ಬೆಲೆ ಇಳಿಸಿದರೆ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಗೊಡವೆ ಸಾಮಾನ್ಯವಾಗಿ ಬರುವುದಿಲ್ಲ. ರೈಟ್ ಆಫ್ ಮಾಡಿ ಎಸೆದರೆ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)ರ ಪ್ರಕಾರ ತೆಗೆದುಕೊಂಡ ಕ್ರೆಡಿಟ್ ವಾಪಸ್ ಕಟ್ಟಬೇಕು. ಹಾಗಾಗಿ ಸಿಟ್ಟಿನಲ್ಲಿ ಗುಜರಿಗೆ ಹಾಕುವ ಮುಂಚೆ ನಿಮ್ಮ ಸಿಎ ಅವರನ್ನು ಕೇಳಿ. ಕರಾರು ಪತ್ರ ಬರೆಸುವಾಗ ಎರಡು ವರ್ಷದಿಂದ ಕದಲದ ಮಾಲಿನ ಬೆಲೆ ಇಳಿದರೆ ಆ ನಷ್ಟ ಹಳೇ ಪಾಲುದಾರರದ್ದೇ ಅಂತ ಒಂದು ಸಾಲು ಸೇರಿಸಿ. ಮಾವನ ಕರಾರಿನಲ್ಲಿ ಆ ಸಾಲು ಇರಲಿಲ್ಲ, ಈಗ ಅದರ ಮೇಲೆಯೇ ಮಾತುಕತೆ ನಡೆಯುತ್ತಿದೆ.