ಎರಡು ಡಬ್ಬಿ, ಒಂದೇ 24 ಗ್ರಾಂ

ದಾವಣಗೆರೆಯ ಅಂಗಡಿಯೊಂದರಲ್ಲಿ ಅಕ್ಕನ ಮಗನಿಗಾಗಿ ಪ್ರೋಟೀನ್ ಪುಡಿಯ ಎರಡು ಡಬ್ಬಿಗಳನ್ನು ತಿರುಗಿಸಿ ಓದಿದೆ. ಎರಡರಲ್ಲೂ ಒಂದು ಅಳತೆಗೆ 24 ಗ್ರಾಂ ಪ್ರೋಟೀನ್.

ಅಗ್ಗದ್ದರ ಪದಾರ್ಥಗಳಲ್ಲಿ ಹಾಲಿನಿಂದ ತೆಗೆದ ವೇ ಪ್ರೋಟೀನ್ ಆದ ಮೇಲೆ ಸಾರಜನಕವಿರುವ ಬಿಡಿ ಅಮೈನೋ ಆಮ್ಲಗಳಾದ ಗ್ಲೈಸಿನ್, ಟೌರಿನ್, ಆಮೇಲೆ ಪಿಷ್ಟದಿಂದ ಮಾಡಿದ ಮಾಲ್ಟೋಡೆಕ್ಸ್‌ಟ್ರಿನ್. ಪ್ರಯೋಗಾಲಯವು ಸಾಮಾನ್ಯವಾಗಿ ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ ಪ್ರೋಟೀನ್ ಲೆಕ್ಕ ಹಾಕುತ್ತದೆ. ಹಾಗಾಗಿ 5 ಗ್ರಾಂ ಗ್ಲೈಸಿನ್ ಬೆರೆಸಿದ್ದರೆ ಅದೇ ಸುಮಾರು 5.8 ಗ್ರಾಂ ಪ್ರೋಟೀನ್ ಆಗಿ ಕಾಣುತ್ತದೆ. ಆಗ 24ರಲ್ಲಿ ನಿಜವಾದ ಪ್ರೋಟೀನ್ 18 ಗ್ರಾಂ ಆಸುಪಾಸು. ಎಷ್ಟು ಬೆರೆಸಿದ್ದಾರೆಂದು ಡಬ್ಬಿ ಹೇಳುವುದಿಲ್ಲ, ಅದೇ ಜಾಣತನ. ಮಾಲ್ಟೋಡೆಕ್ಸ್‌ಟ್ರಿನ್ ಸಕ್ಕರೆಯ ಸಾಲಿನಲ್ಲಿ ಅಷ್ಟಾಗಿ ಕಾಣದು, ಕಾರ್ಬೋಹೈಡ್ರೇಟ್ ಸಾಲಿನಲ್ಲಿ ಹುಡುಕಬೇಕು.

ದುಬಾರಿಯದರಲ್ಲಿ ವೇ, ಕೋಕೋ, ಕೊನೆಯಲ್ಲಿ ಕ್ಸಾಂಥನ್ ಗಮ್. ಹಾಲು ದಪ್ಪಗಾಗಲು ಚಿಟಿಕೆಯಷ್ಟು ಸಾಕು, ಕೊನೆಯಲ್ಲಿದ್ದರೆ ತಕರಾರಿಲ್ಲ. ಅದನ್ನೇ ಕೊಂಡೆ.