ಸೂಚ್ಯಂಕವೋ, ವರ್ಷವರ್ಷದ ಶೇಕಡಾವಾರೋ?

ಬ್ಯಾಡಗಿಯ ನಿಮ್ಮ ಮೆಣಸಿನಪುಡಿ ವ್ಯಾಪಾರದ ಐದು ವರ್ಷದ ಲೆಕ್ಕಕ್ಕೆ ಯಾವುದು ಸರಿ ಅಂತ ಕೇಳಿದ್ದೀರಿ.

ಮೆಲ್ಲಗೆ ಏರುವ ಖರ್ಚು ಹಿಡಿಯಲು ಸೂಚ್ಯಂಕವೇ ವಾಸಿ. ಮೊದಲ ವರ್ಷವನ್ನು 100 ಅಂತಿಡಿ. ಐದನೇ ವರ್ಷಕ್ಕೆ ಮಾರಾಟ 40 ಲಕ್ಷದಿಂದ 60 ಲಕ್ಷಕ್ಕೆ ಹೋದರೆ ಸೂಚ್ಯಂಕ 150. ಲಾರಿ ಬಾಡಿಗೆ 2 ಲಕ್ಷದಿಂದ 4 ಲಕ್ಷಕ್ಕೆ ಹೋದರೆ 200. ಬಾಡಿಗೆ ಮುಂದೆ ಓಡಿದ್ದು ಒಂದೇ ನೋಟಕ್ಕೆ ಕಾಣುತ್ತದೆ, ಅಲ್ವಾ? ಪ್ರತಿ ವರ್ಷವನ್ನು ಅದರ ಹಿಂದಿನ ವರ್ಷಕ್ಕೆ ಹೋಲಿಸಿ ನೋಡಿದರೆ ಸರಾಸರಿ ಸುಮಾರು ಶೇ. 19ರ ಏರಿಕೆ; ಮಾಮೂಲಿ ಅನಿಸಿಬಿಡುತ್ತದೆ.

ಆದರೆ ಮೊದಲ ವರ್ಷ 2020-21 ಆಗಿದ್ದರೆ ಜೋಕೆ. ಲಾಕ್‌ಡೌನ್‌ನಲ್ಲಿ ಮಾರಾಟ ಕುಸಿದಿದ್ದರೆ ಮುಂದಿನ ವರ್ಷಗಳ ಮಾರಾಟದ ಅಂಕಿ ಸುಮ್ನೆ ಉಬ್ಬುತ್ತದೆ, ಖರ್ಚಿನ ಏರಿಕೆ ಅದರಡಿ ಮುಚ್ಚಿಹೋಗುತ್ತದೆ. ಆಗ ವರ್ಷವರ್ಷದ ಲೆಕ್ಕ ನೋಡಿ. ಬಾಡಿಗೆ ಯಾವ ವರ್ಷ ಜಿಗಿಯಿತು ಅಂತ ಹುಡುಕಲೂ ಅದೇ ಬೇಕು.

ಇನ್ನೊಂದು ಮಾತು: ಚಹಾ ಖರ್ಚಿನ ಸೂಚ್ಯಂಕ 300 ಮುಟ್ಟಿದರೂ ಖರ್ಚು ಕೆಲವೇ ಸಾವಿರ ರೂಪಾಯಿ ಇರಬಹುದು. ಪಕ್ಕದಲ್ಲೇ ರೂಪಾಯಿಯನ್ನೂ ಬರೆಯಿರಿ.