ಪ್ರಾಮಿಸರಿ ನೋಟು ಬೀರುವಿನಲ್ಲಿ ಇಟ್ಟಿರುವವರು ಒಮ್ಮೆ ಅದರ ದಿನಾಂಕ ನೋಡಿ

ಬಂಧುಗಳಿಗೋ ಸ್ನೇಹಿತರಿಗೋ ಕೈಸಾಲ ಕೊಟ್ಟು, ಪ್ರಾಮಿಸರಿ ನೋಟು ಬರೆಸಿಕೊಂಡು, ಅದನ್ನು ಭದ್ರವಾಗಿ ಎತ್ತಿಟ್ಟಿರುವವರು ದಯವಿಟ್ಟು ಇವತ್ತೇ ಅದನ್ನು ಹೊರಗೆ ತೆಗೆದು ನೋಡಿ. ನೋಟಿನ ಮೇಲಿನ ದಿನಾಂಕದಿಂದ ಎರಡೂವರೆ ವರ್ಷ ದಾಟಿದ್ದರೆ ಈ ಬರಹವನ್ನು ಪೂರ್ತಿ ಓದಿ. ನಮ್ಮ ಅಪ್ಪನ ನಾಲ್ಕು ಲಕ್ಷ ರೂಪಾಯಿ ಸಿಕ್ಕಿಹಾಕಿಕೊಂಡದ್ದು ನೋಟು ಇಲ್ಲದೆ ಅಲ್ಲ. ನೋಟು ಇತ್ತು, ಸ್ಟ್ಯಾಂಪು ಇತ್ತು, ಸಹಿ ಇತ್ತು, ಬ್ಯಾಂಕಿನ ದಾಖಲೆಯೂ ಇತ್ತು.

ಸಾಲ ಪಡೆದವನು ಅಪ್ಪನ ಸ್ವಂತ ಅಕ್ಕನ ಮಗ. ಮನೆ ಕಟ್ಟಿಸುತ್ತಿದ್ದ, ಬ್ಯಾಂಕಿನ ಸಾಲ ಸಾಲಲಿಲ್ಲ. ಅಪ್ಪನ ನಿವೃತ್ತಿಯ ಹಣ ಬಂದಿದೆ ಎಂಬುದು ಅವನಿಗೆ ಗೊತ್ತಿತ್ತು. "ಮಾವ, ನೀವು ಕೇಳಿದ ದಿನ ತಂದುಕೊಡುತ್ತೇನೆ, ಅಲ್ಲಿಯವರೆಗೆ ತಿಂಗಳು ತಿಂಗಳು ಬಡ್ಡಿ ಹಾಕುತ್ತೇನೆ" ಎಂದ. 2022ರ ಜೂನ್ 12ರಂದು ನೋಟು ಬರೆದುಕೊಟ್ಟ. ಅಸಲು ನಾಲ್ಕು ಲಕ್ಷ, ಬಡ್ಡಿ ವರ್ಷಕ್ಕೆ ಶೇಕಡಾ 9, ಅಂದರೆ ತಿಂಗಳಿಗೆ ಮೂರು ಸಾವಿರ. ಎರಡೂವರೆ ಲಕ್ಷವನ್ನು ಅಪ್ಪ ಅವನ ಖಾತೆಗೆ ಕಳುಹಿಸಿದರು. ಉಳಿದ ಒಂದೂವರೆ ಲಕ್ಷವನ್ನು, ಅವನೇ ಕೇಳಿಕೊಂಡಂತೆ, ನೇರವಾಗಿ ಅವನ ಮನೆ ಕಟ್ಟುತ್ತಿದ್ದ ಗುತ್ತಿಗೆದಾರನ ಖಾತೆಗೆ ಹಾಕಿದರು. ಜುಲೈನಿಂದ ಪ್ರತಿ ತಿಂಗಳೂ ಯುಪಿಐ ಮೂಲಕ ಮೂರು ಸಾವಿರ ತಪ್ಪದೆ ಬರುತ್ತಿತ್ತು. 2024ರ ಮಾರ್ಚ್ ನಂತರ ನಿಂತುಹೋಯಿತು. ಆಮೇಲೆ ಬಂದದ್ದು ಬರೀ ಮಾತು: ಮುಂದಿನ ತಿಂಗಳು, ಬೋನಸ್ ಬಂದ ಮೇಲೆ, ಸೈಟು ಮಾರಿದ ಮೇಲೆ.

2025ರ ಜುಲೈನಲ್ಲಿ ವಕೀಲರ ಮೂಲಕ ನೋಟಿಸ್ ಕಳುಹಿಸಿದೆವು. ಅವನ ವಕೀಲರಿಂದ ಬಂದ ಉತ್ತರದಲ್ಲಿ ಮೂರು ಮಾತುಗಳಿದ್ದವು. ಒಂದು, ನೋಟಿನ ಅವಧಿ 2025ರ ಜೂನ್ 12ಕ್ಕೇ ಮುಗಿದಿದೆ. ಎರಡು, ತಿಂಗಳಿಗೆ ಮೂರು ಸಾವಿರ ಕಳುಹಿಸುತ್ತಿದ್ದದ್ದು ಬಡ್ಡಿಯಲ್ಲ, ವಯಸ್ಸಾದ ಸೋದರಮಾವನ ಔಷಧಿಯ ಖರ್ಚಿಗೆ ಪ್ರೀತಿಯಿಂದ ಕೊಟ್ಟದ್ದು. ಮೂರು, ನಮ್ಮ ಕಕ್ಷಿದಾರರ ಖಾತೆಗೆ ಬಂದದ್ದು ಎರಡೂವರೆ ಲಕ್ಷ ಮಾತ್ರ. ಔಷಧಿಯ ಮಾತನ್ನು ಓದಿದಾಗ ಅಪ್ಪ ಕನ್ನಡಕ ತೆಗೆದು ಕಾಗದವನ್ನು ನನ್ನ ಕೈಗೆ ಕೊಟ್ಟರು, ಮುಂದಕ್ಕೆ ಓದಲಿಲ್ಲ.

ಈ ಮೂರರಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಅಪಾಯಕಾರಿ, ಬಹಳ ಜನರಿಗೆ ಗೊತ್ತಿಲ್ಲದಿರುವುದೂ ಅದೇ. ಕೈಸಾಲದ ನೋಟುಗಳಲ್ಲಿ ಸಾಮಾನ್ಯವಾಗಿ "ತಾವು ಕೇಳಿದಾಗ ಕೊಡುತ್ತೇನೆ" ಎಂದಿರುತ್ತದೆ. ಆನ್ ಡಿಮ್ಯಾಂಡ್ ನೋಟು ಎಂದು ಕರೆಯುವುದು ಇದನ್ನೇ. ಕೇಳಿದಾಗ ಕೊಡಬೇಕು ಎಂದಿರುವುದರಿಂದ, ನಾವು ಕೇಳಿದ ದಿನದಿಂದ ಕಾಲ ಎಣಿಸುತ್ತಾರೆ ಎಂದೇ ಎಲ್ಲರೂ ಭಾವಿಸುತ್ತಾರೆ. ಹಾಗಲ್ಲ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂಥ ನೋಟಿನ ಮೇಲೆ ದಾವೆ ಹೂಡಲು ಇರುವುದು ಮೂರು ವರ್ಷ, ಅದೂ ನೋಟು ಬರೆದ ದಿನಾಂಕದಿಂದ. ನೀವು ಒಮ್ಮೆಯೂ ಕೇಳದೆ ಸುಮ್ಮನಿದ್ದರೂ ಆ ಮೂರು ವರ್ಷ ಕರಗುತ್ತಲೇ ಇರುತ್ತದೆ. ಇನ್ನೂ ಒಂದು ವಿಷಯವಿದೆ: ವಕೀಲರ ನೋಟಿಸ್ ಕಳುಹಿಸಿದ ಮಾತ್ರಕ್ಕೆ ಅವಧಿ ನಿಲ್ಲುವುದಿಲ್ಲ. ಆ ದಿನಾಂಕದೊಳಗೆ ನ್ಯಾಯಾಲಯದಲ್ಲಿ ದಾವೆ ದಾಖಲಾಗಿರಬೇಕು. ನಾಳೆ ಕೊಡುತ್ತೇನೆ ಎನ್ನುತ್ತಲೇ ಮೂರನೆಯ ವರ್ಷವನ್ನು ದಾಟಿಸುವವರಿಗೆ ಈ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಬಡ್ಡಿ ಬರುತ್ತಿತ್ತಲ್ಲ, ಅದಕ್ಕೆ ಬೆಲೆಯಿಲ್ಲವೇ ಎಂದು ನಾನೂ ವಕೀಲರನ್ನು ಕೇಳಿದೆ. ಬೆಲೆ ಇದೆ, ಆದರೆ ಒಂದು ಷರತ್ತಿನ ಮೇಲೆ. ಅವಧಿ ಮುಗಿಯುವ ಮೊದಲೇ ಬಡ್ಡಿಯನ್ನೋ ಅಸಲಿನ ಒಂದು ಭಾಗವನ್ನೋ ಕೊಟ್ಟರೆ, ಕೊಟ್ಟ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಆ ಲೆಕ್ಕದಲ್ಲಿ 2024ರ ಮಾರ್ಚ್‌ನ ಕೊನೆಯ ಕಂತು ನಮಗೆ 2027ರ ಮಾರ್ಚ್‌ವರೆಗೆ ಸಮಯ ಕೊಡಬೇಕಿತ್ತು. ಆದರೆ ಹಾಗೆ ಕೊಟ್ಟದ್ದಕ್ಕೆ ಕೊಟ್ಟವನ ಕೈಬರಹವೋ ಅವನ ಸಹಿ ಇರುವ ಬರಹವೋ ಇರಬೇಕೆಂದು ಕಾಯ್ದೆಯ 19ನೆಯ ಸೆಕ್ಷನ್ ಹೇಳುತ್ತದೆ. ನಮ್ಮ ಬಳಿ ಇದ್ದದ್ದು ಇಪ್ಪತ್ತೊಂದು ಯುಪಿಐ ಪಾವತಿಗಳು, ಒಟ್ಟು 63,000 ರೂಪಾಯಿ. ಒಂದರ ಟಿಪ್ಪಣಿಯಲ್ಲೂ ಬಡ್ಡಿ ಎಂಬ ಪದವಿಲ್ಲ, ಒಂದಕ್ಕೂ ಸಹಿಯಿಲ್ಲ. ಔಷಧಿಯ ಕಥೆ ಹುಟ್ಟಿದ್ದು ಆ ಖಾಲಿ ಜಾಗದಲ್ಲೇ.

ಹಿಂದಿನವರು ನೋಟಿನ ಬೆನ್ನಿಗೆ ಷರಾ ಬರೆಸುತ್ತಿದ್ದರು. ಹಣ ಮೊಬೈಲಿನಲ್ಲಿ ಬರಲು ಶುರುವಾದ ಮೇಲೆ ಆ ರೂಢಿ ಬಿಟ್ಟುಹೋಗಿದೆ, ಬಿಡಲೇಬಾರದಾಗಿತ್ತು. ತಿಂಗಳಿಗೊಮ್ಮೆ ಬೇಕಿಲ್ಲ, ವರ್ಷಕ್ಕೊಮ್ಮೆ ಸಾಕು. ಮನೆಗೆ ಬಂದಾಗ ನೋಟನ್ನು ತಿರುಗಿಸಿ ಅವನ ಕೈಯಲ್ಲೇ ಹೀಗೆ ಬರೆಸಬೇಕು: "ಈ ನೋಟಿನ ಬಾಬ್ತು 10-03-2024ರಂದು ಬಡ್ಡಿಗೆಂದು 3,000 ರೂಪಾಯಿ ಕೊಟ್ಟಿರುತ್ತೇನೆ. ಅಸಲು 4,00,000 ರೂಪಾಯಿ ಬಾಕಿ ಇರುತ್ತದೆ." ಕೆಳಗೆ ಸಹಿ, ಸಹಿ ಮಾಡಿದ ದಿನಾಂಕ. ಹಣ ಕೊಡದಿದ್ದರೂ ಸರಿ, ಬಾಕಿ ಇರುವುದನ್ನು ಒಪ್ಪಿ ಅವಧಿಯೊಳಗೆ ಸಹಿ ಹಾಕಿದ ಒಂದು ಪತ್ರ ಕೊಟ್ಟರೂ ಹೊಸ ಮೂರು ವರ್ಷ ಶುರುವಾಗುತ್ತದೆ. ಅದಕ್ಕೂ ಒಪ್ಪದಿದ್ದರೆ ಅವನ ಉದ್ದೇಶ ನಿಮಗೆ ತಿಳಿಯಿತು ಎಂದಾಯಿತು, ದಾವೆ ಹೂಡಲು ಇನ್ನೂ ಸಮಯವೂ ಇರುತ್ತದೆ. ಎರಡೂವರೆ ವರ್ಷದ ಗಡಿಯನ್ನು ನಾನು ಹೇಳುತ್ತಿರುವುದು ಇದಕ್ಕಾಗಿ.

ಇನ್ನು ಬ್ಯಾಂಕಿನ ದಾಖಲೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಯಿತು ಎಂಬುದನ್ನಷ್ಟೇ ಅದು ಹೇಳುತ್ತದೆ. ಸಾಲವೋ, ಉಡುಗೊರೆಯೋ, ಹಳೆಯ ಬಾಕಿ ತೀರಿಸಿದ್ದೋ ಎಂಬುದನ್ನು ಹೇಳುವುದಿಲ್ಲ. ನೋಟು ಮತ್ತು ವರ್ಗಾವಣೆ ಒಂದನ್ನೊಂದು ಹಿಡಿದುಕೊಂಡಿರಬೇಕಾದರೆ ಹಣ ಕಳುಹಿಸುವಾಗ ಟಿಪ್ಪಣಿಯ ಜಾಗದಲ್ಲಿ HAND LOAN ಎಂದು ಬರೆಯಬೇಕು, ಬ್ಯಾಂಕ್ ಕೊಡುವ ಯುಟಿಆರ್ ಸಂಖ್ಯೆಯನ್ನು ನೋಟಿನಲ್ಲೇ ನಮೂದಿಸಬೇಕು. ಕೊಡುವವರ ಹೆಸರು ಮತ್ತು ಹಣ ಹೊರಟ ಖಾತೆಯ ಹೆಸರು ಒಂದೇ ಆಗಿರಬೇಕು, ಪಡೆದವರ ವಿಷಯದಲ್ಲೂ ಹಾಗೆಯೇ. ಗುತ್ತಿಗೆದಾರನಿಗೆ ಹಾಕಿ, ಅಂಗಡಿಗೆ ಹಾಕಿ, ಹೆಂಡತಿಯ ಖಾತೆಗೆ ಹಾಕಿ ಎಂದು ಯಾರಾದರೂ ಕೇಳಿದರೆ ಖಂಡಿತ ಬೇಡ. ಮೊದಲು ಅವರ ಖಾತೆಗೆ ಬರಲಿ, ಅಲ್ಲಿಂದ ಅವರೇ ಕಳುಹಿಸಿಕೊಳ್ಳಲಿ. ನಗದಂತೂ ಬೇಡವೇ ಬೇಡ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನೇ ನಿಷೇಧಿಸಿದೆ. ಮೊಬೈಲಿನ ಸ್ಕ್ರೀನ್‌ಶಾಟ್ ನಂಬಿ ಕೂರದೆ, ಆ ತಿಂಗಳ ಖಾತೆ ವಿವರವನ್ನು ಶಾಖೆಯಲ್ಲಿ ಮೊಹರು ಹಾಕಿಸಿಕೊಂಡು ನೋಟಿನ ಜೊತೆಗೇ ಇಡುವುದು ಒಳ್ಳೆಯದು.

ನೋಟು ಬರೆಯುವುದು ಕಷ್ಟವೇನಲ್ಲ, ಒಂದು ಹಾಳೆ ಸಾಕು. ನಮ್ಮ ವಕೀಲರು ಹೇಳಿಕೊಟ್ಟ ಮಾದರಿ ಹೀಗಿದೆ:

"ಇಂಥವರ ಮಗನಾದ, ಇಂಥ ವಿಳಾಸದಲ್ಲಿ ವಾಸಿಸುವ ನಾನು, ಇಂಥವರಿಂದ ಈ ದಿನ ನನ್ನ ಬ್ಯಾಂಕ್ ಖಾತೆಯ ಮೂಲಕ (ಯುಟಿಆರ್ ಸಂಖ್ಯೆ ಇಂತಿಷ್ಟು) ಸಾಲವಾಗಿ ಪಡೆದ 4,00,000 (ನಾಲ್ಕು ಲಕ್ಷ) ರೂಪಾಯಿಗಳನ್ನು, ವರ್ಷಕ್ಕೆ ಶೇಕಡಾ 9ರ ಬಡ್ಡಿ ಸಹಿತ, ಅವರು ಅಥವಾ ಅವರ ಆದೇಶ ಪಡೆದವರು ಕೇಳಿದಾಗ ಕೊಡುತ್ತೇನೆಂದು ಬರೆದುಕೊಟ್ಟಿರುತ್ತೇನೆ."

ಇದರಲ್ಲಿ "ಕೊಡುತ್ತೇನೆ" ಎಂಬುದು ಬಿಟ್ಟುಹೋಗಬಾರದು. "ಪಡೆದಿರುತ್ತೇನೆ" ಎಂದಷ್ಟೇ ಇದ್ದರೆ ಅದು ರಸೀದಿ, ಪ್ರಾಮಿಸರಿ ನೋಟಲ್ಲ. "ಸೈಟು ಮಾರಿದ ಮೇಲೆ ಕೊಡುತ್ತೇನೆ" ಎಂದು ಬರೆದರೂ ನೋಟಾಗುವುದಿಲ್ಲ, ಏಕೆಂದರೆ ವಾಗ್ದಾನಕ್ಕೆ ಷರತ್ತು ಇರಬಾರದು. ಸ್ಟ್ಯಾಂಪಿನ ವಿಷಯದಲ್ಲಿ ಕಾನೂನು ಬಹಳ ಕಟ್ಟುನಿಟ್ಟು. ಕೇಳಿದಾಗ ಕೊಡುವ ನೋಟಿಗೆ ಬೇಕಾದ ಸುಂಕ ಕೆಲವೇ ಪೈಸೆ, ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪು ಅಂಟಿಸಿದರೆ ಮುಗಿಯಿತು. ಆದರೆ ಅದಿಲ್ಲದಿದ್ದರೆ ನೋಟನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವುದೇ ಇಲ್ಲ. ಬೇರೆ ಹಲವು ಪತ್ರಗಳಂತೆ ಆಮೇಲೆ ದಂಡ ಕಟ್ಟಿ ಸರಿಪಡಿಸಿಕೊಳ್ಳಲೂ ಆಗುವುದಿಲ್ಲ. ಸಹಿ ಸ್ಟ್ಯಾಂಪಿನ ಮೇಲೆ ಹಾದು ಕಾಗದದ ಮೇಲೂ ಇಳಿದಿರಬೇಕು, ಪಕ್ಕದಲ್ಲಿ ಹಾಕಿದರೆ ಸ್ಟ್ಯಾಂಪು ರದ್ದಾಗಿಲ್ಲ ಎಂಬ ತಕರಾರು ಬರುತ್ತದೆ. ಅಚ್ಚಾದ ಫಾರಂಗೆ ಬರೀ ಸಹಿ ಹಾಕಿಸಿಕೊಂಡು ಆಮೇಲೆ ನಾವು ತುಂಬುವುದೂ ಬೇಡ. ಇಡೀ ಬರಹ ಸಾಲ ಪಡೆಯುವವರ ಕೈಯಲ್ಲೇ, ಒಂದೇ ಪೆನ್ನಿನಲ್ಲಿ ಇದ್ದರೆ, ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಂಡರು ಎಂದು ಹೇಳಲು ದಾರಿ ಇರುವುದಿಲ್ಲ.

ನಮ್ಮ ಪ್ರಕರಣಕ್ಕೆ ಬರುತ್ತೇನೆ. ಯುಪಿಐ ಪಾವತಿಗಳನ್ನು ಮುಂದಿಟ್ಟು ವಾದಿಸಬಹುದು, ಆದರೆ ಗೆಲ್ಲುವ ಭರವಸೆ ಕೊಡಲಾರೆ ಎಂದು ವಕೀಲರು ನೇರವಾಗಿ ಹೇಳಿದರು. ನ್ಯಾಯಾಲಯದ ಶುಲ್ಕ ಕಟ್ಟಿ, ಈ ವಯಸ್ಸಿನಲ್ಲಿ ವರ್ಷಗಟ್ಟಲೆ ಅಲೆಯಲು ಅಪ್ಪ ಒಪ್ಪಲಿಲ್ಲ. ಕೊನೆಗೆ ಅತ್ತೆ ನಡುವೆ ಬಂದು ಮಗನನ್ನು ಕೂರಿಸಿ ಮಾತಾಡಿಸಿದರು. ಎರಡೂವರೆ ಲಕ್ಷಕ್ಕೆ ರಾಜಿಯಾಯಿತು. ಒಂದೂವರೆ ಲಕ್ಷವೂ ಬಾಕಿ ಬಡ್ಡಿಯೂ ಹೋಯಿತು.

ಈ ರಾಜಿಯಲ್ಲಿ ಎರಡು ವಿಷಯಗಳನ್ನು ನಾವು ಬಿಡಲಿಲ್ಲ. ಅವಧಿ ಮೀರಿದ ಸಾಲವನ್ನೂ ತೀರಿಸುತ್ತೇನೆಂದು ಸಾಲಗಾರ ಬರೆದು ಸಹಿ ಹಾಕಿಕೊಟ್ಟರೆ, 1872ರ ಕರಾರು ಕಾಯ್ದೆಯ 25ನೆಯ ಸೆಕ್ಷನ್ ಪ್ರಕಾರ ಅದಕ್ಕೆ ಮಾನ್ಯತೆ ಇದೆ. ಬಾಯಿಮಾತಿಗೆ ಇಲ್ಲ. ಹಾಗಾಗಿ ಹಳೆಯ ನೋಟಿನ ದಿನಾಂಕ, ಅಸಲು, ರಾಜಿಯ ಮೊತ್ತ, ಐದು ಕಂತುಗಳ ದಿನಾಂಕ ಎಲ್ಲವನ್ನೂ ಅವನ ಕೈಯಲ್ಲೇ ಬರೆಸಿ ಸಹಿ ಹಾಕಿಸಿದೆವು. ಎರಡನೆಯದಾಗಿ, ಅವನು ಅಂದೇ ಹಳೆಯ ನೋಟು ವಾಪಸ್ ಕೇಳಿದ, ಅಪ್ಪ ಕೊಡಲು ಎದ್ದೇಬಿಟ್ಟಿದ್ದರು. ವಕೀಲರು ತಡೆದರು. ಕೊನೆಯ ಕಂತು ಅಪ್ಪನ ಖಾತೆಗೆ ಜಮೆಯಾದ ಮೇಲೆ, ನೋಟಿನ ಬೆನ್ನಿಗೆ "ರಾಜಿಯಂತೆ ಪೂರ್ತಿ ಸಂದಾಯವಾಗಿದೆ" ಎಂದು ಬರೆದು ಅಪ್ಪನ ಸಹಿ ಹಾಕಿಯೇ ಅದನ್ನು ಹಿಂತಿರುಗಿಸಬೇಕು ಎಂದೂ ಆ ಪತ್ರದಲ್ಲಿ ಸೇರಿಸಿದ್ದೇವೆ. ಮೂರು ಕಂತು ಬಂದಿದೆ, ಎರಡು ಬಾಕಿ ಇದೆ.